ಹಿಂದುಳಿಯುವ ಕಬ್ಬಿಣ

ಮೆದು ಕಬ್ಬಿಣವು ಕಾಂತತ್ವವನ್ನು ಕೂಡಲೇ ಕಳೆದುಕೊಳ್ಳುತ್ತದೆ, ಉಕ್ಕು ಉಳಿಸಿಕೊಳ್ಳುತ್ತದೆ ಎಂದು ಶಾಲೆಯಲ್ಲಿ ನಾವು ಕಲಿತಿದ್ದೇವೆ. ಈ ಮಾತು ಅರ್ಧದಷ್ಟೇ ನಿಜವೆಂಬುದು ತಿಳಿದುಬಂದದ್ದು 1880ರ ದಶಕದ ಟೋಕಿಯೋದಲ್ಲಿ.

ಅದಕ್ಕೂ ಮೊದಲು, 1845ರ ನವೆಂಬರಿನಲ್ಲಿ, ಲಂಡನ್ನಿನ ಮೈಕೆಲ್ ಫ್ಯಾರಡೆ ಸೀಸ ಬೆರೆತ ಭಾರದ ಗಾಜಿನ ತುಂಡೊಂದನ್ನು ಪ್ರಬಲ ವಿದ್ಯುತ್ಕಾಂತದ ಧ್ರುವಗಳ ನಡುವೆ ತೂಗುಬಿಟ್ಟಿದ್ದರು. ಅದು ಧ್ರುವದಿಂದ ಧ್ರುವಕ್ಕೆ ಚಾಚಿ ನಿಲ್ಲದೆ ಅಡ್ಡಲಾಗಿ ತಿರುಗಿ ನಿಂತಿತು. ಬಿಸ್ಮತ್ತೂ ಹಾಗೆಯೇ ಹಿಂಜರಿಯಿತು. ಇವು ಡಯಾಮ್ಯಾಗ್ನೆಟಿಕ್. ಆಕ್ಸಿಜನ್ನಿನಂತೆ ಕ್ಷೀಣವಾಗಿ ಸೆಳೆಯಲ್ಪಡುವವು ಪ್ಯಾರಾಮ್ಯಾಗ್ನೆಟಿಕ್. ಈ ಎರಡೂ ಬಗೆಗಳಿಗೆ ನೆನಪಿಲ್ಲ; ಕ್ಷೇತ್ರವನ್ನು ತೆಗೆದೊಡನೆ ಕಾಂತತ್ವವೂ ಹೋಗುತ್ತದೆ, ನಕ್ಷೆಯಲ್ಲಿ ಹೋದ ದಾರಿಯಲ್ಲೇ ಮರಳಿ ಬರುತ್ತವೆ. ಕಬ್ಬಿಣ, ನಿಕ್ಕಲ್, ಕೋಬಾಲ್ಟ್‌ಗಳಂಥ ಫೆರೋಮ್ಯಾಗ್ನೆಟಿಕ್ ವಸ್ತುಗಳು ಮಾತ್ರ ಬೇರೆ ದಾರಿಯಲ್ಲಿ ಮರಳುತ್ತವೆ.

ಟೋಕಿಯೋದಲ್ಲಿ ಪಾಠ ಹೇಳುತ್ತಿದ್ದ ಸ್ಕಾಟ್ಲೆಂಡಿನ ಜೇಮ್ಸ್ ಆಲ್ಫ್ರೆಡ್ ಯೂಯಿಂಗ್ ಈ ಬೇರೆ ದಾರಿಗೆ ‘ಹಿಸ್ಟರೆಸಿಸ್’ ಎಂದು ಹೆಸರಿಟ್ಟರು. ಹಿಂದುಳಿಯುವುದು ಎಂಬರ್ಥದ ಗ್ರೀಕ್ ಮೂಲದ ಪದವದು. ಅಡ್ಡಗೆರೆಯ ಮೇಲೆ ನಾವು ಹೇರುವ ಕ್ಷೇತ್ರ H, ನೆಟ್ಟಗೆರೆಯ ಮೇಲೆ ವಸ್ತುವಿನೊಳಗಿನ B. ಕ್ಷೇತ್ರವನ್ನು ಏರಿಸಿ, ಮತ್ತೆ ಶೂನ್ಯಕ್ಕಿಳಿಸಿದಾಗ B ಶೂನ್ಯವಾಗುವುದಿಲ್ಲ. ವಕ್ರರೇಖೆಯು ನೆಟ್ಟಗೆರೆಯನ್ನು ಕಡಿಯುವ ಆ ಎತ್ತರವೇ ರಿಟೆಂಟಿವಿಟಿ. ಇನ್ನು ವಿರುದ್ಧ ದಿಕ್ಕಿನಲ್ಲಿ ಕ್ಷೇತ್ರ ಹೇರುತ್ತ ಹೋದರೆ, ಒಂದೆಡೆ B ಅಳಿದು ರೇಖೆಯು ಅಡ್ಡಗೆರೆಯನ್ನು ಮುಟ್ಟುತ್ತದೆ. ಅಷ್ಟು ದೂರವೇ ಕೊಯರ್ಸಿವಿಟಿ.

ಎರಡು ಕುಣಿಕೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ. ಕಾಯಿಸಿ ನಿಧಾನವಾಗಿ ಆರಿಸಿದ ಮೆದು ಕಬ್ಬಿಣದ ಕುಣಿಕೆ ತೆಳ್ಳಗಿದ್ದು ನೆಟ್ಟಗೆರೆಯನ್ನು ಸುಮಾರು 1.2 ಟೆಸ್ಲಾ ಎತ್ತರದಲ್ಲಿ ಕಡಿಯುತ್ತದೆಂದಿಟ್ಟುಕೊಳ್ಳೋಣ. ಹದಗೊಳಿಸಿದ ಗಟ್ಟಿ ಉಕ್ಕಿನದು ಸುಮಾರು 0.9ರಲ್ಲಿ. ಉಳಿಸಿಕೊಳ್ಳುವುದರಲ್ಲಿ ಕಬ್ಬಿಣವೇ ಮುಂದು! ಆದರೆ ಅದನ್ನು ಅಳಿಸಲು ಮೀಟರಿಗೆ 80 ಆಂಪಿಯರ್ ಸಾಕು; ಉಕ್ಕಿಗೆ ಬೇಕಾದದ್ದು 4000. ಕಬ್ಬಿಣದಲ್ಲಿ ಬಹಳ ಉಳಿಯುತ್ತದೆ, ಆದರೆ ಹಿಡಿತ ಸಡಿಲ. ಯೂಯಿಂಗ್ ಕಂಡದ್ದೂ ಇದನ್ನೇ: ಮೆದು ಕಬ್ಬಿಣದ ತಂತಿಯನ್ನು ಅಲುಗಿಸದೆ ಬಿಟ್ಟರೆ ಬಹುಪಾಲು ಕಾಂತತ್ವ ಉಳಿಯುತ್ತಿತ್ತು, ಬೆರಳಿನಿಂದ ತಟ್ಟಿದರೆ ಹೋಗುತ್ತಿತ್ತು.

ಹಾಗಾದರೆ ಶಾಲೆಯ ಮೊಳೆ ಏಕೆ ಕೂಡಲೇ ಸೋಲುತ್ತದೆ? ಅದು ಗಿಡ್ಡ. ತುದಿಯ ಧ್ರುವಗಳು ಒಳಗೇ ಎದುರು ಕ್ಷೇತ್ರವನ್ನುಂಟುಮಾಡುತ್ತವೆ. ಕೊಯರ್ಸಿವಿಟಿ ಕಡಿಮೆಯಿರುವ ಕಬ್ಬಿಣಕ್ಕೆ ಅಷ್ಟೇ ಸಾಕು. ಹೀಗಾಗಿ ಮೊಳೆಯ ಮೇಲೆ ಅಳೆದ ಕುಣಿಕೆ ಓರೆಯಾಗಿ ಬಾಗುತ್ತದೆ, ರಿಟೆಂಟಿವಿಟಿ ಇಲ್ಲದಂತೆ ಕಾಣುತ್ತದೆ. ಓರೆಯಾದ ಕುಣಿಕೆಯನ್ನು ಕಂಡಾಗ ವಸ್ತುವಿಗಿಂತ ಮೊದಲು ತುಂಡಿನ ಆಕಾರವನ್ನು ಶಂಕಿಸಬೇಕು. ಯೂಯಿಂಗ್ ತಮ್ಮ ಅಳತೆಗಳಿಗೆ ವ್ಯಾಸದ ನೂರಾರು ಪಟ್ಟು ಉದ್ದದ ತಂತಿಗಳನ್ನು, ಇಲ್ಲವೇ ತುದಿಯೇ ಇಲ್ಲದ ಉಂಗುರಗಳನ್ನು ಬಳಸಿದ್ದು ಇದೇ ಕಾರಣಕ್ಕೆ.