ಲಾಗ್‌ರೋಲಿಂಗ್: ಒಂದು ಊಟ, ಎರಡು ಮಸೂದೆ

ಒಂದೇ ವಿಷಯದಲ್ಲಿ ಅರ್ಧರ್ಧಕ್ಕೆ ಒಪ್ಪಿಕೊಂಡರೆ ಅದು ಬರೀ ರಾಜಿ. ನನಗೆ ಅಷ್ಟೇನೂ ಮುಖ್ಯವಲ್ಲದ್ದನ್ನು ಬಿಟ್ಟು, ನನಗೆ ಬೇಕೇ ಬೇಕಾದದ್ದನ್ನು ಪಡೆಯೋದು, ನೀವೂ ಹಾಗೇ ಮಾಡೋದು ಲಾಗ್‌ರೋಲಿಂಗ್. ನನ್ನ ಮೆಚ್ಚಿನ ಉದಾಹರಣೆ 1790ರ ಅಮೆರಿಕದ್ದು.

ರಾಜ್ಯಗಳ ಯುದ್ಧಸಾಲವನ್ನು ಕೇಂದ್ರವೇ ಹೊರಬೇಕು ಅನ್ನೋದು ಖಜಾನೆ ಕಾರ್ಯದರ್ಶಿ ಹ್ಯಾಮಿಲ್ಟನ್ ಹಟ. ತನ್ನ ಸಾಲದ ಬಹುಪಾಲು ತೀರಿಸಿದ್ದ ವರ್ಜೀನಿಯಾಕ್ಕೆ ಅದು ಅನ್ಯಾಯ ಅನಿಸಿತ್ತು. ಅದರ ಕಣ್ಣಿದ್ದದ್ದು ಪೊಟೊಮ್ಯಾಕ್ ದಂಡೆಯ ರಾಜಧಾನಿ ಮೇಲೆ. ಹ್ಯಾಮಿಲ್ಟನ್‌ಗೆ ರಾಜಧಾನಿಗಿಂತ ಸಾಲವೇ ದೊಡ್ಡದು.

ಜೂನ್‌ನಲ್ಲಿ ಜೆಫರ್ಸನ್ ಮನೆಯ ಊಟಕ್ಕೆ ಹ್ಯಾಮಿಲ್ಟನ್, ಮ್ಯಾಡಿಸನ್ ಇಬ್ಬರೂ ಬಂದರು. ಜೆಫರ್ಸನ್ ಬರೆದಿಟ್ಟ ಪ್ರಕಾರ, ವರ್ಜೀನಿಯಾದ ಮ್ಯಾಡಿಸನ್ ತಾನು ಮತ ಹಾಕಲ್ಲ, ಆದ್ರೆ ಜೋರಾಗಿ ವಿರೋಧಿಸೋದೂ ಇಲ್ಲ ಅಂದರು. ಮತ ಬದಲಿಸಿದ್ದು ಬೇರೆಯವರು: ವರ್ಜೀನಿಯಾದ ಇಬ್ಬರು, ಮೇರಿಲ್ಯಾಂಡ್‌ನ ಇಬ್ಬರು.

ಅಪಾಯ ಇದ್ದದ್ದು ಸಮಯದಲ್ಲಿ. ರಾಜಧಾನಿ ಕಾಯ್ದೆ ಜುಲೈನಲ್ಲೇ ಆಯಿತು, ಸಾಲದ್ದು ಆಗಸ್ಟ್‌ನಲ್ಲಿ. ತಮ್ಮದು ಸಿಕ್ಕ ಮೇಲೆ ವರ್ಜೀನಿಯಾದವರು ಕೈಕೊಟ್ಟಿದ್ದರೆ? ಕೊಡಲಿಲ್ಲ. ಎರಡನ್ನೂ ಒಂದೇ ಮಸೂದೆಯಲ್ಲಿ ಕಟ್ಟಿದ್ದರೆ ಆ ಭಯವೇ ಇರ್ತಿರಲಿಲ್ಲ.

ಅಂದಹಾಗೆ, ರಾಜಧಾನಿ ಕಳಕೊಂಡದ್ದು ಹ್ಯಾಮಿಲ್ಟನ್‌ರ ಊರಾದ ನ್ಯೂಯಾರ್ಕ್. ಜೆಫರ್ಸನ್ ಕೂಡ 1792ರಲ್ಲಿ ವಾಷಿಂಗ್ಟನ್‌ಗೆ ಪತ್ರ ಬರೆದು, ಹ್ಯಾಮಿಲ್ಟನ್ ತನ್ನನ್ನು ಯಾಮಾರಿಸಿದ ಅಂತ ಕೊರಗಿದರು.