ಫೋರ್ ಟು ಒನ್: ಒಂದೇ ಬಾಜಿಯ ಲೆಕ್ಕದ ಬಗ್ಗೆ ಒಂದು ಟಿಪ್ಪಣಿ

ದೂರವಾಣಿನಗರದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿ ಈಗ ಹಲಸೂರಿನಲ್ಲಿ ಮಗಳ ಮನೆಯಲ್ಲಿರುವ ಹಿರಿಯರೊಬ್ಬರು ನನಗೆ ಪರಿಚಯ. ರೇಸಿನ ದಿನ ಬೆಳಗ್ಗೆ ಶಿವಾಜಿನಗರದ ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಚಹಾ ತರಿಸಿಕೊಂಡು, ರೇಸ್ ಪುಸ್ತಕ ಬಿಚ್ಚಿ ಕೂತರೆಂದರೆ ಚಹಾ ಆರಿಹೋದರೂ ತಲೆ ಎತ್ತುವವರಲ್ಲ. ಮನೆಯವರ ಪಾಲಿಗೆ ಇದು ಕುದುರೆ ಬಾಲಕ್ಕೆ ದುಡ್ಡು ಕಟ್ಟುವ ಚಟ. ಅವರ ಪಾಲಿಗೆ ಲೆಕ್ಕ. ಒಮ್ಮೆ ಪುಸ್ತಕದ ಒಂದು ಹೆಸರಿನ ಕೆಳಗೆ ಪೆನ್ಸಿಲಿನಿಂದ ಗೀಟು ಹಾಕಿ ಹೇಳಿದರು: "ಇದಕ್ಕೆ ಫೋರ್ ಟು ಒನ್ ಕೊಡ್ತಾರೆ ಸಾರ್. ನನ್ನ ಕೇಳಿದ್ರೆ ತ್ರೀ ಟು ಒನ್ ಕುದುರೆ ಇದು. ನಾಲ್ಕು ಸಲ ಓಡಿಸಿದ್ರೆ ಒಂದ್ಸಲ ಗೆದ್ದೇ ಗೆಲ್ಲುತ್ತೆ."

ಮಾತು ಸಾಮಾನ್ಯದ್ದಲ್ಲ. ಕುದುರೆ ಇವತ್ತು ಗೆಲ್ಲುತ್ತದೆ ಎಂದು ಅವರು ಹೇಳಲಿಲ್ಲ. ಹಲಗೆಯ ಮೇಲಿನ ದರ ತಪ್ಪು ಎಂದರು, ಎಷ್ಟು ತಪ್ಪು ಎಂಬುದನ್ನೂ ಅಂಕಿಯಲ್ಲೇ ಹೇಳಿದರು. ಹಾಗೆ ಅಂಕಿ ಹೇಳಿದ ಮಾತನ್ನು ಮಾತ್ರ ಪರೀಕ್ಷಿಸಲು ಬರುತ್ತದೆ.

4/1 ಎಂದರೆ ₹1000 ಕಟ್ಟಿ ಗೆದ್ದರೆ ₹4000 ಲಾಭ. ಕಟ್ಟಿದ್ದೂ ಸೇರಿ ಕೈಗೆ ₹5000. ಐದು ಸಲಕ್ಕೆ ಒಂದು ಸಲ, ಅಂದರೆ ಶೇ. 20ರಷ್ಟು ಗೆಲ್ಲುವ ಕುದುರೆಗೆ ಈ ದರ ಸರಿಸಮ. ಹಿರಿಯರ ಅಂದಾಜು ಶೇ. 25. ಅದು ನಿಜವೇ ಆಗಿದ್ದರೆ ಬಾಜಿಯ ನಿರೀಕ್ಷಿತ ಮೌಲ್ಯ ಹೀಗೆ ಬರುತ್ತದೆ:

0.25 × 5000 − 1000 = +250

ಈ ₹250 ಯಾರ ಕೈಗೂ ಬರುವ ಹಣವಲ್ಲ. ಆ ಸಂಜೆ ಆಗುವುದು ಎರಡರಲ್ಲೊಂದು: ₹4000 ಬರುತ್ತದೆ ಇಲ್ಲವೇ ₹1000 ಹೋಗುತ್ತದೆ. ಅವರ ಅಂದಾಜೇ ಸರಿಯಿದ್ದರೂ ನಾಲ್ಕರಲ್ಲಿ ಮೂರು ಸಲ ಹೋಗುವುದೇ. ಹಾಗಾದರೆ ಒಂದೇ ಬಾಜಿಯ ಮಟ್ಟಿಗೆ ಈ ಅಂಕಿಯ ಅರ್ಥವೇನು? ನಾನು ಇದನ್ನು ಬೆಲೆಯ ಬಗೆಗಿನ ತೀರ್ಪು ಎಂದು ಓದುತ್ತೇನೆ. ₹1250 ಬಾಳುವ ಚೀಟಿ ₹1000ಕ್ಕೆ ಸಿಗುತ್ತಿದೆ ಎಂಬುದಷ್ಟೇ ಅದು ಹೇಳುವ ಮಾತು. ಕುದುರೆ ಸೋತರೆ ಚೀಟಿ ದುಬಾರಿಯಾಗಿತ್ತು ಎಂದಾಗುವುದಿಲ್ಲ; ಗೆದ್ದರೆ ಅಗ್ಗವಾಗಿತ್ತು ಎಂದೂ ಆಗುವುದಿಲ್ಲ.

ಇನ್ನು ಹಲಗೆಯ ಕಡೆಗೆ ನೋಡೋಣ. ಉದಾಹರಣೆಗೆ ಆರು ಕುದುರೆಗಳ ಒಂದು ರೇಸು ಇಟ್ಟುಕೊಳ್ಳಿ. ದರಗಳು 6/4, 3/1, ನಮ್ಮ ಕುದುರೆಯ 4/1, ಆಮೇಲೆ 8/1, 10/1, 12/1. ಒಂದೊಂದು ದರವನ್ನೂ ಸಂಭವನೀಯತೆಗೆ ತಿರುಗಿಸಿದರೆ ಶೇ. 40, 25, 20, 11.1, 9.1, 7.7. ಕೂಡಿಸಿದರೆ 100 ಬರಬೇಕಿತ್ತು, ಬರುವುದು 112.9. ಮೇಲಿನ 12.9 ದರ ಬರೆಯುವವನ ಪಾಲು. ಆದ್ದರಿಂದ 4/1 ಎಂದು ಬರೆದಾಗ ಮಾರುಕಟ್ಟೆ ಆ ಕುದುರೆಗೆ ಶೇ. 20 ಕೊಟ್ಟಿದೆ ಎಂದು ತಿಳಿಯುವುದು ತಪ್ಪು. 20ನ್ನು 112.9ರಿಂದ ಭಾಗಿಸಿದರೆ ಸುಮಾರು ಶೇ. 17.7. ಈ ಪಾಲು ಎಲ್ಲ ಕುದುರೆಗಳ ಮೇಲೂ ಒಂದೇ ಸಮ ಹಂಚಿರುತ್ತದೆ ಎಂಬುದು ಅನುಕೂಲಕ್ಕೆ ಹಿಡಿದ ಊಹೆ. 1949ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರಿಫಿತ್ ಅಲ್ಲಿನ ರೇಸುಗಳನ್ನು ಪರಿಶೀಲಿಸಿ, ಜನ ಗೆಲ್ಲುವ ಅವಕಾಶ ಕಡಿಮೆಯಿರುವ ಕುದುರೆಗಳ ಮೇಲೆ ಅತಿಯಾಗಿಯೂ ಫೇವರಿಟ್ ಕುದುರೆಗಳ ಮೇಲೆ ಕಡಿಮೆಯಾಗಿಯೂ ಕಟ್ಟುತ್ತಾರೆ ಎಂದು ತೋರಿಸಿದರು. 4/1 ಈ ಎರಡು ತುದಿಗಳ ನಡುವಿನದು, ಹಾಗಾಗಿ 17.7 ಎಂಬ ಅಂಕಿ ಇಲ್ಲಿ ಸಾಕು.

ಈಗ ಎರಡು ಅಂದಾಜುಗಳು ಎದುರುಬದುರಾದವು. ಹಿರಿಯರದು 25, ಮಾರುಕಟ್ಟೆಯದು 17.7. ಯಾವುದನ್ನು ಸೂತ್ರಕ್ಕೆ ಹಾಕಬೇಕು? ಪುಸ್ತಕಗಳಲ್ಲಿ "ನಿಮ್ಮ ಅಂದಾಜು" ಎಂದು ಬರೆದು ಮುಂದೆ ಹೋಗುತ್ತಾರೆ. ನನ್ನ ತಕರಾರು ಅಲ್ಲಿಯೇ. ಹಲಗೆಯ ದರ ಒಬ್ಬ ಬುಕ್ಕಿಯ ಅಭಿಪ್ರಾಯವಲ್ಲ. ಬೆಳಗಿನ ಕಸರತ್ತು ನೋಡಿದವರು, ಲಾಯದ ಸುದ್ದಿ ತಿಳಿದವರು, ಜಾಕಿಯ ಹಿಂದಿನ ಓಟಗಳನ್ನು ಬಲ್ಲವರು ಎಲ್ಲರ ದುಡ್ಡೂ ಅದನ್ನು ಏರಿಸಿ ಇಳಿಸಿರುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. ಹಿರಿಯರು ಆರೂ ಕುದುರೆಗಳನ್ನು ಅಂದಾಜು ಮಾಡುತ್ತಾರೆ, ಆದರೆ ತಮ್ಮ ಅಂಕಿ ಹಲಗೆಗಿಂತ ಹೆಚ್ಚಿರುವ ಕಡೆ ಮಾತ್ರ ದುಡ್ಡು ಕಟ್ಟುತ್ತಾರೆ. ಎಲ್ಲರ ಅಂದಾಜಿನಲ್ಲೂ ತಪ್ಪು ಇದ್ದೇ ಇರುತ್ತದೆ, ಕೆಲವು ಮೇಲಕ್ಕೆ, ಕೆಲವು ಕೆಳಕ್ಕೆ. ಹೀಗೆ ಆರಿಸಿ ಕಟ್ಟುವಾಗ ಮೇಲಕ್ಕೆ ತಪ್ಪಿದವೇ ಹೆಚ್ಚಾಗಿ ಕೈಗೆ ಸಿಗುತ್ತವೆ. ತಾನು ಅತಿಯಾಗಿ ಮೆಚ್ಚಿದ ಕುದುರೆಯ ಮೇಲೆಯೇ ಮನುಷ್ಯ ದುಡ್ಡು ಹಾಕುವುದು.

ಹಾಂಗ್‌ಕಾಂಗಿನ ರೇಸುಗಳಲ್ಲಿ ಕಂಪ್ಯೂಟರ್ ಲೆಕ್ಕದಿಂದ ದೊಡ್ಡ ಹಣ ಮಾಡಿದ ವಿಲಿಯಂ ಬೆಂಟರ್ 1994ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ಸಮಸ್ಯೆಗೆ ನೇರ ಪರಿಹಾರವಿದೆ. ತನ್ನ ಮಾದರಿ ಕೊಟ್ಟ ಸಂಭವನೀಯತೆಯನ್ನು ಅವನು ಹಾಗೆಯೇ ನೆಚ್ಚಲಿಲ್ಲ. ಸಾರ್ವಜನಿಕರ ದರದ ಜೊತೆ ಅದನ್ನು ಬೆರೆಸಿ, ಬಂದ ಅಂಕಿಯನ್ನು ಬಳಸಿದ. ಯಾವುದಕ್ಕೆ ಎಷ್ಟು ತೂಕ ಎಂಬುದನ್ನು ಹಳೆಯ ರೇಸುಗಳ ಫಲಿತಾಂಶದಿಂದಲೇ ತೆಗೆದ. ನಮ್ಮ ಹಿರಿಯರ ಅಂದಾಜಿಗೆ ಕಾಲು ಪಾಲು, ಮಾರುಕಟ್ಟೆಗೆ ಮುಕ್ಕಾಲು ಪಾಲು ತೂಕ ಕೊಟ್ಟು ಬೆರೆಸಿದರೆ ಶೇ. 19.5 ಬರುತ್ತದೆ. ₹250ರ ಲಾಭ ಕರಗಿ ₹25ರ ನಷ್ಟವಾಗುತ್ತದೆ. ಇಬ್ಬರಿಗೂ ಸಮಪಾಲು ಕೊಡುವ ಔದಾರ್ಯ ತೋರಿದರೆ ಸುಮಾರು ಶೇ. 21.4, ಮೌಲ್ಯ ₹70ರ ಆಸುಪಾಸು. ಅಂದರೆ ಬಾಜಿ ಲಾಭದ್ದೋ ನಷ್ಟದ್ದೋ ಎಂಬುದು ಕುದುರೆಗಿಂತ ಹೆಚ್ಚಾಗಿ, ಈ ಮನುಷ್ಯನ ಕಣ್ಣನ್ನು ಎಷ್ಟು ನಂಬಬಹುದು ಎಂಬುದರ ಮೇಲೆ ನಿಂತಿದೆ.

ಇಲ್ಲಿಯವರೆಗಿನದು ತೆರಿಗೆಯಿಲ್ಲದ ಲೋಕದ ಮಾತು. ಬೆಂಗಳೂರಿನಲ್ಲಿ ತೆರಿಗೆಯ ಕಥೆಯೇ ಒಂದು ಪ್ರತ್ಯೇಕ ಅಧ್ಯಾಯ. 1996ರಲ್ಲಿ ಡಾ. ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕುದುರೆ ರೇಸು ಪ್ರಧಾನವಾಗಿ ಕೌಶಲದ ಆಟ, ಬರೀ ಅದೃಷ್ಟದ ಜೂಜಲ್ಲ ಎಂದು ತೀರ್ಪು ಕೊಟ್ಟಿತು. ಲೆಕ್ಕದ ಭಾಷೆಯಲ್ಲಿ ಕೌಶಲಕ್ಕೆ ಇನ್ನೂ ಬಿಗಿಯಾದ ಅರ್ಥ ಕೊಡಬಹುದು: ಹಲಗೆಯ ಅಂಕಿಗಿಂತ ನಿಮ್ಮ ಅಂಕಿ ನಿಜಕ್ಕೆ ಹತ್ತಿರವಿರಬೇಕು. ಕೌಶಲದ ಆಟ ಎಂದಾದ ಮೇಲೂ ತೆರಿಗೆ ಮಾತ್ರ ಬೆನ್ನು ಬಿಡಲಿಲ್ಲ. 2017ರಲ್ಲಿ ಜಿಎಸ್‌ಟಿ ಬಂದು, ಆಮೇಲೆ ಟೋಟ್‌ಗೆ ಬಂದ ಪೂರ್ತಿ ಹಣದ ಮೇಲೆ ತೆರಿಗೆ ಎಂಬ ನಿಯಮವಾಯಿತು. ಬೆಂಗಳೂರು ಟರ್ಫ್ ಕ್ಲಬ್ ಹೈಕೋರ್ಟಿಗೆ ಹೋಯಿತು. 2021ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ನಿಯಮವನ್ನು ತಳ್ಳಿಹಾಕಿತು. ಬಾಜಿಯ ಹಣ ಕ್ಲಬ್ಬಿನ ಬಳಿ ಸ್ವಲ್ಪ ಹೊತ್ತು ಇರುವುದಷ್ಟೇ, ಕ್ಲಬ್ಬಿಗೆ ಸಲ್ಲುವುದು ಕಮಿಷನ್ ಮಾತ್ರ ಎಂಬುದು ಅದರ ತರ್ಕ. ಆದರೆ ಕಾನೂನನ್ನೇ ತಿದ್ದಿ 2023ರ ಅಕ್ಟೋಬರ್ 1ರಿಂದ ಬಾಜಿಯ ಪೂರ್ತಿ ಮೊತ್ತದ ಮೇಲೆ ಶೇ. 28 ಹಾಕಲಾಯಿತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 40.

ಕಮಿಷನ್ ಮೇಲಿನ ತೆರಿಗೆಗೂ ಬಾಜಿಯ ಮೇಲಿನ ತೆರಿಗೆಗೂ ಇರುವ ಅಂತರ ನಮ್ಮ ಸೂತ್ರದಲ್ಲಿ ಎದ್ದು ಕಾಣುತ್ತದೆ. ತೆರಿಗೆಯನ್ನು ಬಾಜಿಯ ಮೇಲೆ ಸೇರಿಸಿ ವಸೂಲು ಮಾಡಿದರೆ ₹1000ದ ಬಾಜಿಗೆ ಜೇಬಿನಿಂದ ಹೋಗುವುದು ₹1400, ಗೆದ್ದರೆ ಬರುವುದು ಮಾತ್ರ ಅದೇ ₹5000. ಹಿರಿಯರ ಶೇ. 25ನ್ನು ಒಂದು ಕೂದಲೂ ಕಡಿಮೆ ಮಾಡದೆ ಒಪ್ಪಿಕೊಂಡರೂ 1250 − 1400, ಅಂದರೆ ₹150 ನಷ್ಟ. ಸರಿಸಮವಾಗಲು ಬೇಕಾದ ಸಂಭವನೀಯತೆ ಶೇ. 20ರಿಂದ 28ಕ್ಕೆ ಜಿಗಿಯಿತು.

ಅದರ ಮೇಲೆ ಆದಾಯ ತೆರಿಗೆ. ರೇಸಿನ ಗೆಲುವಿಗೆ ಶೇ. 30ರ ನೇರ ದರ, ಮೇಲೆ ಸೆಸ್. ₹10,000 ಮೀರಿದ ಗೆಲುವಿಗೆ ಮೂಲದಲ್ಲೇ ಕಡಿತವಾಗುತ್ತದೆ. ಅದಕ್ಕಿಂತ ಕಡಿಮೆಯಾದರೆ ಕಡಿತವಿಲ್ಲ, ಬಾಧ್ಯತೆ ತಪ್ಪುವುದಿಲ್ಲ. ಇಲ್ಲಿನ ಕಹಿ ಭಾಗ ದರವಲ್ಲ. ಬಾಜಿ ಕಟ್ಟುವವನು ಒಂದು ಬಾಜಿಯ ಸೋಲನ್ನು ಇನ್ನೊಂದರ ಗೆಲುವಿನಿಂದ ಕಳೆಯುವಂತಿಲ್ಲ. ಗೆಲುವಿನಲ್ಲಿ ಸರ್ಕಾರ ಪಾಲುದಾರ, ಸೋಲಿನಲ್ಲಿ ಅಲ್ಲ. ಹಾಗಾಗಿ ಈ ತೆರಿಗೆಯನ್ನು ವರ್ಷದ ಕೊನೆಗೆ ನೋಡಿಕೊಂಡರಾಯಿತು ಎಂದು ಬಿಡುವಂತಿಲ್ಲ. ಪ್ರತಿ ಬಾಜಿಯ ಲೆಕ್ಕದಲ್ಲೂ ಅದನ್ನು ಕೂರಿಸಲೇಬೇಕು. ಸೆಸ್ ಬಿಟ್ಟು, ₹4000ದ ಗೆಲುವಿನಲ್ಲಿ ₹1200 ಹೋಯಿತೆಂದರೆ ಕೈಗೆ ಉಳಿಯುವುದು ₹3800. ಸರಿಸಮವಾಗಲು 1400ನ್ನು 3800ರಿಂದ ಭಾಗಿಸಿ: ಶೇ. 36.8. ಮಾರುಕಟ್ಟೆ 17.7 ಎನ್ನುವ ಕುದುರೆ ಅದರ ಎರಡು ಪಟ್ಟಿಗಿಂತಲೂ ಹೆಚ್ಚು ಸಲ ಗೆಲ್ಲಬೇಕು. ಅಷ್ಟು ದೊಡ್ಡ ತಪ್ಪು ಹಲಗೆಯ ಮೇಲೆ ರೇಸು ಶುರುವಾಗುವವರೆಗೆ ಉಳಿದಿರುತ್ತದೆ ಎಂದು ನಾನು ನಂಬುವುದಿಲ್ಲ. ಟೋಟ್‌ನಲ್ಲಂತೂ ಡಿವಿಡೆಂಡ್ ಎಷ್ಟೆಂಬುದು ಕೌಂಟರ್ ಮುಚ್ಚಿದ ಮೇಲೆಯೇ ಗೊತ್ತಾಗುವುದು, ನೀವು ಕಟ್ಟಿದ ದುಡ್ಡೇ ಅದನ್ನು ಇಳಿಸಿಯೂ ಇರುತ್ತದೆ.

ತೆರಿಗೆಯನ್ನು ಬದಿಗಿಟ್ಟರೂ ಹಿರಿಯರ ಕಣ್ಣು ಎಷ್ಟು ನಿಖರ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಅದನ್ನು ಅಳೆಯುವ ದಾರಿ ಇದೆ. ಅವರು ಶೇ. 25 ಎಂದ ಬಾಜಿಗಳನ್ನೆಲ್ಲ ಒಟ್ಟುಮಾಡಿ ಎಷ್ಟು ಗೆದ್ದವು ಎಂದು ಎಣಿಸಬೇಕು. ನೂರು ಬಾಜಿ ಸಾಲದು. ಅವರ ಅಂದಾಜು ಸರಿಯಿದ್ದರೆ ನೂರರಲ್ಲಿ 21ರಿಂದ 29 ಗೆಲುವು ಸಹಜ. ನಿಜವಾದ ಅಂಕಿ ಶೇ. 20 ಆಗಿದ್ದರೆ 16ರಿಂದ 24 ಸಹಜ. 22 ಗೆದ್ದರೆ ಯಾರು ಸರಿ ಎಂದು ಹೇಳಲಾಗದು. ನಾನೂರು ಬಾಜಿಗಾದರೆ ಇವೇ ಎರಡು ಹರವುಗಳು 91–109 ಮತ್ತು 72–88 ಆಗಿ ಬೇರೆ ಬೇರೆ ನಿಲ್ಲುತ್ತವೆ. ಅಷ್ಟು ಕಾಯಲಾಗದವರಿಗೆ ಬೇಗ ಸಿಗುವ ಸುಳಿವು ಒಂದಿದೆ. ನೀವು 4/1ಕ್ಕೆ ತೆಗೆದುಕೊಂಡ ಕುದುರೆಗಳ ದರ ರೇಸು ಶುರುವಾಗುವ ಹೊತ್ತಿಗೆ ಮತ್ತೆ ಮತ್ತೆ 3/1ರ ಕಡೆಗೆ ಇಳಿಯುತ್ತಿದ್ದರೆ ಮಾರುಕಟ್ಟೆ ನಿಮ್ಮ ಹಿಂದೆ ಬರುತ್ತಿದೆ. 5/1ರ ಕಡೆಗೆ ಏರುತ್ತಿದ್ದರೆ ನಿಮಗೆ ಗೊತ್ತಿಲ್ಲದ್ದು ಬೇರೆಯವರಿಗೆ ಗೊತ್ತಿದೆ.

ಹಿರಿಯರ ಹತ್ತಿರ ಹಳೆಯ ನೋಟ್‌ಬುಕ್ಕುಗಳಿವೆ. ಕೇಳಿದೆ, ಸಂಕೋಚವಿಲ್ಲದೆ ತೋರಿಸಿದರು. ದುಂಡಗಿನ ಅಕ್ಷರದಲ್ಲಿ ತಾರೀಖು, ಕುದುರೆ, ಜಾಕಿ, ಕಟ್ಟಿದ್ದು, ಬಂದದ್ದು ಎಲ್ಲ ಇದೆ. ರೇಸಿಗೆ ಮುಂಚೆ ತಮ್ಮ ಅಂದಾಜು ಎಷ್ಟಿತ್ತು ಎಂಬ ಕಾಲಂ ಮಾತ್ರ ಇಲ್ಲ. "ಅದು ತಲೆಯಲ್ಲಿ ಇರುತ್ತೆ ಸಾರ್" ಎಂದರು. ಫಲಿತಾಂಶ ಬಂದ ಮೇಲೆ ತಲೆಯಲ್ಲಿದ್ದ ಅಂಕಿ ಇದ್ದಲ್ಲೇ ಇರುವುದಿಲ್ಲ. ಹಾಗಾಗಿ ಅಷ್ಟು ವರ್ಷಗಳ ದಾಖಲೆಯಿಂದ ಅವರು ಎಷ್ಟು ಕಳೆದುಕೊಂಡರು ಎಂಬುದನ್ನು ತೆಗೆಯಬಹುದು, ಅವರ ಅಂದಾಜು ಹಲಗೆಗಿಂತ ಉತ್ತಮವಾಗಿತ್ತೇ ಎಂಬುದನ್ನು ತೆಗೆಯಲು ಬರುವುದಿಲ್ಲ.

ರೇಸಿಗೆ ಮುಂಚೆಯೇ ತಮ್ಮ ಅಂದಾಜನ್ನೂ, ತಾವು ಕಟ್ಟಿದಾಗಿನ ದರವನ್ನೂ, ಕೊನೆಯ ದರವನ್ನೂ ಬರೆದಿಟ್ಟ ಇಂಥ ನೋಟ್‌ಬುಕ್ ಓದುಗರಲ್ಲಿ ಯಾರ ಮನೆಯ ಹಳೆಯ ಟ್ರಂಕಿನಲ್ಲಾದರೂ ಇದ್ದರೆ, ದಯವಿಟ್ಟು ರದ್ದಿಗೆ ಹಾಕಬೇಡಿ. ನೋಡಲು ಕೊಟ್ಟರೆ ಪುಟ ಮಡಿಚದೆ ಹಿಂದಿರುಗಿಸುತ್ತೇನೆ.