ಎರಡು ಕೋಲು, ಒಂದು ಮಸೂರ: ಛಾಯಾಚಿತ್ರದಿಂದ ನದಿಯ ಅಗಲ ಅಂದಾಜಿಸುವ ಪಾಠದ ಕುರಿತು

ಸಮರೂಪ ತ್ರಿಭುಜಗಳ ಅಧ್ಯಾಯದಲ್ಲಿ ಕಂಬದ ನೆರಳಿನ ಲೆಕ್ಕ ತಪ್ಪದೆ ಬರುತ್ತದೆ. ಕೋಲಿನ ಎತ್ತರ ಗೊತ್ತು, ಅದರ ನೆರಳು ಗೊತ್ತು, ಗೋಪುರದ ನೆರಳೂ ಗೊತ್ತು, ಗೋಪುರದ ಎತ್ತರವೆಷ್ಟು? ಮಕ್ಕಳಿಗೆ ಇದು ಬೇಗ ಹತ್ತುತ್ತದೆ, ಏಕೆಂದರೆ ಎರಡೂ ತ್ರಿಭುಜಗಳು ಕಣ್ಣೆದುರೇ ಇರುತ್ತವೆ. ಛಾಯಾಚಿತ್ರದಿಂದ ನದಿಯ ಅಗಲ ತೆಗೆಯುವ ಲೆಕ್ಕವೂ ಇದೇ ಜಾತಿಯದು. ಆದರೆ ಅಲ್ಲಿ ಒಂದು ತ್ರಿಭುಜ ನೂರು ಮೀಟರಿಗೂ ಉದ್ದವಾಗಿ ಹೊಳೆಯ ಮೇಲೆ ಚಾಚಿಕೊಂಡಿರುತ್ತದೆ, ಇನ್ನೊಂದು ಫೋನಿನೊಳಗೆ ಕೆಲವೇ ಮಿಲಿಮೀಟರುಗಳಲ್ಲಿ ಅಡಗಿರುತ್ತದೆ. ಕಾಣದ ಆ ಚಿಕ್ಕ ತ್ರಿಭುಜವನ್ನು ಹತ್ತನೇ ತರಗತಿಯ ಮಕ್ಕಳ ಕೈಗೆ ಹೇಗೆ ಕೊಡಬಹುದು, ಕೊಟ್ಟ ಮೇಲೆ ಅದನ್ನು ಎಷ್ಟು ನಂಬಬಹುದು ಎಂಬುದು ಈ ಲೇಖನದ ವಿಷಯ. ಮಲೆನಾಡಿನ ಹೊಳೆದಂಡೆಯ ಒಂದು ಪ್ರೌಢಶಾಲೆಯಲ್ಲಿ ನಾನು ಮಾಡಿದ ಪಾಠವೇ ಇದಕ್ಕೆ ಆಧಾರ. ಲೆಕ್ಕ ಹಗುರವಾಗಲೆಂದು ಅಂಕಿಗಳನ್ನು ಅಲ್ಲಲ್ಲಿ ದುಂಡಗೆ ಮಾಡಿದ್ದೇನೆ.

ಪಾಠ ಶುರುವಾದದ್ದು ದೀಪದಿಂದ. ಆರ್ಯಭಟ ಕ್ರಿ.ಶ. 499ರ ತನ್ನ ಗ್ರಂಥದ ಗಣಿತಪಾದದಲ್ಲಿ, ದೀಪದ ಎದುರು ನಿಲ್ಲಿಸಿದ ಶಂಕುವಿನ ನೆರಳು ಎಷ್ಟು ಉದ್ದವೆಂದು ಕಂಡುಹಿಡಿಯುವ ಕ್ರಮವನ್ನು ಕೊಟ್ಟಿದ್ದಾನೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ ಮುಗಿಯುವುದೇ ನೆರಳಿನ ಲೆಕ್ಕಗಳ ಛಾಯಾವ್ಯವಹಾರದಿಂದ. ಇವರು ಸಮರೂಪತೆ ಎಂಬ ಹೆಸರನ್ನು ಎತ್ತುವುದಿಲ್ಲ. ತ್ರೈರಾಶಿಕದಿಂದ ಕೆಲಸ ನಡೆಯುತ್ತದೆ. ತರಗತಿಯಲ್ಲಿ ನನಗೆ ಇದರಿಂದ ಆದ ಉಪಯೋಗ ಬೇರೆ. ದೀಪದ ಲೆಕ್ಕದಲ್ಲಿ ಕಿರಣಗಳೆಲ್ಲ ಜ್ವಾಲೆ ಎಂಬ ಒಂದೇ ಬಿಂದುವಿನಿಂದ ಹೊರಡುತ್ತವೆ, ಆ ಬಿಂದುವೇ ತ್ರಿಭುಜದ ಶೃಂಗ. ಕ್ಯಾಮೆರಾದಲ್ಲಿ ಆ ಜಾಗದಲ್ಲಿ ಮಸೂರವಿದೆ. ಆಚೆ ದಡದ ಎರಡು ಬಿಂದುಗಳಿಂದ ಬಂದ ಕಿರಣಗಳು ಮಸೂರದ ನಡುವೆ ಒಂದನ್ನೊಂದು ದಾಟಿ, ಹಿಂದಿನ ಪರದೆಯ ಮೇಲೆ ಎಡಬಲ ಅದಲುಬದಲಾಗಿ ಬೀಳುತ್ತವೆ. ದಾಟಿದಲ್ಲಿ ಶೃಂಗಾಭಿಮುಖ ಕೋನಗಳು ಸಮ. ದಡವೂ ಪರದೆಯೂ ಸಮಾಂತರವಾಗಿದ್ದರೆ ಪರ್ಯಾಯ ಕೋನಗಳು ಸಮ. ಕೋನ-ಕೋನ ನಿರ್ಧಾರಕ ಗುಣಕ್ಕೆ ಇನ್ನೇನೂ ಬೇಡ. ಸಮಾಂತರವಾಗಿದ್ದರೆ ಎಂಬ ಷರತ್ತನ್ನು ಮಕ್ಕಳು ಬರೆದುಕೊಂಡರು, ಯಾರೂ ಅದಕ್ಕೆ ಬೆಲೆ ಕೊಡಲಿಲ್ಲ. ಬೆಲೆ ಗೊತ್ತಾದದ್ದು ಹೊಳೆಯ ದಂಡೆಯಲ್ಲಿ.

‘ಸಾರ್, ಫೋನು ಬಿಚ್ಚದೆ ಒಳಗಿನ ತ್ರಿಭುಜ ಅಳೆಯೋದು ಹೇಗೆ?’ ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ. ಪಾಠದ ಗಂಟು ಬಿಚ್ಚಿದ್ದು ಈ ಪ್ರಶ್ನೆಯೇ. ಮಸೂರದಿಂದ ಪರದೆಗಿರುವ ದೂರ, ಅಂದರೆ ಸರಿಸುಮಾರು ಸಂಗಮದೂರ, ನಮಗೆ ಮಿಲಿಮೀಟರಿನಲ್ಲಿ ಬೇಕಿಲ್ಲ. ಚಿತ್ರದ ಮೇಲೆ ನಾವು ಉದ್ದವನ್ನು ಪಿಕ್ಸೆಲ್‌ಗಳಲ್ಲಿ ಎಣಿಸುತ್ತೇವೆ, ಹಾಗಿದ್ದರೆ ಆ ದೂರವೂ ಪಿಕ್ಸೆಲ್‌ಗಳಲ್ಲೇ ಸಿಕ್ಕರೆ ಸಾಕು. ಅದನ್ನು ತಿಳಿಯಲು ತರಗತಿಯಿಂದ ಆಚೆ ಹೋಗುವ ಅಗತ್ಯವೂ ಇಲ್ಲ. ಕಪ್ಪುಹಲಗೆಯ ಮೇಲೆ ಮೀಟರು ಕೋಲನ್ನು ಅಡ್ಡಲಾಗಿ ಹಿಡಿಸಿ, ಅದಕ್ಕೆ ನೇರ ಎದುರಾಗಿ 5 ಮೀಟರ್ ದೂರದ ಬೆಂಚಿನ ಮೇಲೆ ಫೋನು ಇಟ್ಟು ಚಿತ್ರ ತೆಗೆದೆವು. 4000 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಕೋಲು 600 ಪಿಕ್ಸೆಲ್ ಆಕ್ರಮಿಸಿತ್ತು. 1 ಮೀಟರಿಗೆ 600 ಪಿಕ್ಸೆಲ್, 5 ಮೀಟರಿಗೆ 3000. ಒಳಗಿನ ತ್ರಿಭುಜದ ಎತ್ತರ ಆ ಫೋನಿನಲ್ಲಿ 3000 ಪಿಕ್ಸೆಲ್ ಎಂದು ಹಲಗೆಯ ಮೂಲೆಯಲ್ಲಿ ಬರೆದು ಸುತ್ತ ಗೆರೆ ಎಳೆದೆ. ಮುಂದೆ ಅದೇ ಫೋನು, ಅದೇ ಮಸೂರ, ಜೂಮ್ ಮುಟ್ಟಬಾರದು ಎಂಬ ಕರಾರೂ ಆಯಿತು.

ಮರುದಿನ ಹೊಳೆಗೆ ಹೋದೆವು. ಸಹೋದ್ಯೋಗಿಯೊಬ್ಬರು ನಾಲ್ವರು ಹುಡುಗರನ್ನು ಕರೆದುಕೊಂಡು ಸೇತುವೆಯ ಮೇಲಿಂದ ಸುತ್ತಿ ಆಚೆ ದಡ ಸೇರಿದರು. ಅವರ ಬಳಿ ಕೆಂಪು ಬಟ್ಟೆ ಸುತ್ತಿದ 3 ಮೀಟರಿನ ಎರಡು ಬಿದಿರು ಕೋಲುಗಳಿದ್ದವು, 30 ಮೀಟರಿನ ಟೇಪೂ ಇತ್ತು. ಮೊದಲು ಒಂದೇ ಕೋಲನ್ನು ನೆಟ್ಟಗೆ ನಿಲ್ಲಿಸಿ ಚಿತ್ರ ತೆಗೆದೆವು. ಚಿತ್ರವನ್ನು ಹಿಗ್ಗಿಸಿ ಎಣಿಸಿದರೆ ಕೋಲಿನ ಎತ್ತರ 74 ಪಿಕ್ಸೆಲ್. ದೂರ 3 × 3000 ÷ 74, ಅಂದರೆ ಸುಮಾರು 121.6 ಮೀಟರ್. ಉತ್ತರ ಬಂತೆಂದು ಎಲ್ಲರಿಗೂ ಖುಷಿ. ಆದರೆ ಇನ್ನೊಂದು ಗುಂಪು ಅದೇ ಚಿತ್ರದಲ್ಲಿ 72 ಎಣಿಸಿ 125 ಮೀಟರ್ ಎಂದಿತು, ಮತ್ತೊಂದು 76 ಎಣಿಸಿ 118 ಎಂದಿತು. ಯಾರದೂ ತಪ್ಪೆನ್ನುವಂತಿರಲಿಲ್ಲ. ಹಿಗ್ಗಿಸಿದ ಚಿತ್ರದಲ್ಲಿ ಕೋಲಿನ ತುದಿ ಒಂದು ಗೆರೆಯಲ್ಲಿ ಮುಗಿಯುವುದಿಲ್ಲ, ಎರಡು ಮೂರು ಮಸುಕು ಚೌಕಗಳಲ್ಲಿ ಕರಗಿಹೋಗುತ್ತದೆ. ಬುಡದಲ್ಲಿ ಹುಲ್ಲು ಬೇರೆ. ಇನ್ನೂ ದೂರ ಹೋದಷ್ಟೂ ಈ ಕಷ್ಟ ದೂರದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ: ನದಿ ಎರಡು ಪಟ್ಟು ಅಗಲವಿದ್ದರೆ ಕೋಲು ಅರ್ಧದಷ್ಟೇ ಕಾಣುತ್ತದೆ, ಅದೇ ಒಂದು ಪಿಕ್ಸೆಲ್‌ನ ಎಡವಟ್ಟು ನಾಲ್ಕು ಪಟ್ಟು ಮೀಟರುಗಳನ್ನು ನುಂಗುತ್ತದೆ.

ಪರಿಹಾರವೆಂದರೆ ದೊಡ್ಡ ಆಧಾರ. ಎರಡು ಕೋಲುಗಳನ್ನು ಆಚೆ ದಡದ ಉದ್ದಕ್ಕೆ 30 ಮೀಟರ್ ಅಂತರದಲ್ಲಿ ನಿಲ್ಲಿಸಿ, ಎತ್ತರದ ಬದಲು ಅವುಗಳ ನಡುವಿನ ಅಂತರವನ್ನು ಎಣಿಸಿದೆವು. 741 ಪಿಕ್ಸೆಲ್. 30 × 3000 ÷ 741, ಅಂದರೆ 121.5 ಮೀಟರ್. ಈಗ ಒಂದು ಪಿಕ್ಸೆಲ್ ಆಚೀಚೆಯಾದರೆ ಉತ್ತರ ಬದಲಾಗುವುದು 16 ಸೆಂಟಿಮೀಟರಿನಷ್ಟು ಮಾತ್ರ. ಉಪಕರಣ ಅದೇ, ಸೂತ್ರ ಅದೇ. ಚಿತ್ರದಲ್ಲಿ ಉದ್ದವಾಗಿ ಕಾಣುವ ವಸ್ತುವನ್ನು ಆರಿಸಿಕೊಂಡದ್ದಷ್ಟೇ ವ್ಯತ್ಯಾಸ.

ಇಲ್ಲಿಯೇ ಬರೆದು ಮರೆತ ಷರತ್ತು ವಾಪಸು ಬಂತು. ನಿಂತ ಕೋಲಿಗೆ ದಿಕ್ಕಿನ ಗೊಡವೆಯಿಲ್ಲ, ಎಲ್ಲಿಂದ ನೋಡಿದರೂ ಅದು ನೆಟ್ಟಗೇ ಇರುತ್ತದೆ. ದಡದುದ್ದಕ್ಕೆ ಚಾಚಿದ 30 ಮೀಟರ್ ಹಾಗಲ್ಲ. ಒಬ್ಬ ಹುಡುಗಿ ನೆರಳಿರುವ ಮರ ಹುಡುಕಿಕೊಂಡು ದಂಡೆಯಲ್ಲಿ ದೂರ ಸರಿದು, ಕೋಲುಗಳು ಚಿತ್ರದ ನಡುವೆ ಬರುವಂತೆ ಫೋನನ್ನು ಓರೆಯಾಗಿ ತಿರುಗಿಸಿ ಚಿತ್ರ ತೆಗೆದಳು. ಅವಳಿಗೆ ಬಂದದ್ದು ಸುಮಾರು 138. ಓರೆ ನಿಂತಾಗ ಎರಡು ತಪ್ಪುಗಳು ಒಂದೇ ಕಡೆ ಎಳೆಯುತ್ತವೆ. ಕೋಲುಗಳು ನಿಜಕ್ಕೂ ಹೆಚ್ಚು ದೂರವಾಗುತ್ತವೆ, ಜೊತೆಗೆ ಅವುಗಳ ನಡುವಿನ ಅಂತರ ಮಡಚಿದಂತೆ ಕಿರಿದಾಗಿ ಕಾಣುತ್ತದೆ. 10 ಡಿಗ್ರಿ ಓರೆಯಾದರೆ ಉತ್ತರ ಶೇಕಡ 3ರಷ್ಟು ಹಿಗ್ಗುತ್ತದೆ. 20 ಡಿಗ್ರಿಯಾದರೆ ಶೇಕಡ 13ರಷ್ಟು. ಓರೆಯಾಗಿದ್ದೇವೆಂದು ಚಿತ್ರದಿಂದಲೇ ತಿಳಿಯಬಹುದೇ? ತಿಳಿಯಬಹುದು. ಎರಡೂ ಕೋಲುಗಳ ಎತ್ತರ ಎಣಿಸಿ ನೋಡಬೇಕು. ಅವಳ ಚಿತ್ರದಲ್ಲಿ ಒಂದು ಕೋಲು ಇನ್ನೊಂದಕ್ಕಿಂತ ಐದಾರು ಪಿಕ್ಸೆಲ್ ಗಿಡ್ಡವಿತ್ತು, ಅಂದರೆ ಅದು ಹೆಚ್ಚು ಹಿಂದಿತ್ತು. ಅಗಲ ಹೇಳಲು ಒರಟೆನಿಸಿದ ಎತ್ತರದ ಎಣಿಕೆ, ಸಮಾಂತರವನ್ನು ಪರೀಕ್ಷಿಸಲು ಹೀಗೆ ಒದಗಿತು.

ಮಕ್ಕಳಿಗೆ ಇಲ್ಲಿ ಒಂದು ಗೊಂದಲ ಹುಟ್ಟುತ್ತದೆ, ಅದನ್ನು ಹಾಗೆಯೇ ದಾಟಿಸಬಾರದು. ನೇರ ಎದುರು ನಿಂತರೂ ಚಿತ್ರದ ಅಂಚಿನ ಕೋಲು ನಡುವಿನ ಕೋಲಿಗಿಂತ ದೂರವಲ್ಲವೇ, ಅದು ಗಿಡ್ಡ ಕಾಣಬೇಡವೇ? ಕಾಣಬೇಕಿಲ್ಲ. ಸೂತ್ರದಲ್ಲಿರುವ ದೂರ ಮಸೂರದಿಂದ ಕೋಲಿಗೆ ಎಳೆದ ಓರೆಗೆರೆಯಲ್ಲ, ಫೋನು ಮುಖಮಾಡಿದ ದಿಕ್ಕಿನಲ್ಲಿ ಅಳೆದ ಲಂಬದೂರ. ಫೋನು ದಡಕ್ಕೆ ನೇರ ಮುಖಮಾಡಿದ್ದರೆ ಆ ದಡದ ಎಲ್ಲ ಕೋಲುಗಳೂ ಚಿತ್ರದಲ್ಲಿ ಒಂದೇ ಎತ್ತರ. ಚಿತ್ರದ ಅಂಚಿನಲ್ಲಿ ಮಸೂರ ಸ್ವಲ್ಪ ಬಾಗಿಸುವುದುಂಟು, ಹಾಗಾಗಿ ಕೋಲುಗಳನ್ನು ನಡುಭಾಗದಲ್ಲೇ ಇಟ್ಟುಕೊಳ್ಳುವುದು ಲೇಸು.

ಇನ್ನೊಂದು ತಪ್ಪು ತರಗತಿಗೆ ಮರಳಿದ ಮೇಲೆ ಆದದ್ದು. ಗುಂಪಿನೊಳಗೆ ಚಿತ್ರ ಹಂಚಿಕೊಂಡ ಹುಡುಗನಿಗೆ ನದಿ 304 ಮೀಟರ್ ಬಂತು. ಸಂದೇಶದ ಆ್ಯಪ್ ಚಿತ್ರವನ್ನು 4000 ಪಿಕ್ಸೆಲ್‌ನಿಂದ 1600ಕ್ಕೆ ಕುಗ್ಗಿಸಿ ಕಳಿಸಿತ್ತು. ಕೋಲುಗಳ ಅಂತರ 741ರಿಂದ 296ಕ್ಕೆ ಇಳಿದಿತ್ತು, ಅವನು ಮಾತ್ರ ಹಲಗೆಯ ಮೂಲೆಯ 3000ವನ್ನೇ ಬಳಸಿದ್ದ. ಒಳಗಿನ ತ್ರಿಭುಜದ ಒಂದು ಬಾಹು ಕುಗ್ಗಿದರೆ ಇನ್ನೊಂದೂ ಅದೇ ಪ್ರಮಾಣದಲ್ಲಿ ಕುಗ್ಗಬೇಕು. 3000 × 1600 ÷ 4000 ಮಾಡಿ 1200 ಇಟ್ಟುಕೊಂಡಾಗ 121.6 ಬಂತು. ನನ್ನ ಮಟ್ಟಿಗೆ, ಸಮರೂಪತೆ ಎಂದರೇನು ಎಂದು ಆ ದಿನ ಎಲ್ಲರಿಗಿಂತ ಚೆನ್ನಾಗಿ ಹೇಳಿದ್ದು ಆ 304.

ಹಾಗಾದರೆ 121.5 ಎಷ್ಟು ನಂಬಿಕಸ್ಥ? ಕೋಲುಗಳ ಎರಡು ತುದಿಗಳಲ್ಲಿ ಒಂದೊಂದು ಪಿಕ್ಸೆಲ್ ತಪ್ಪಿದರೆ 30 ಸೆಂಟಿಮೀಟರ್. ಆದರೆ ತರಗತಿಯಲ್ಲಿ 5 ಮೀಟರ್ ಅಳೆಯುವಾಗ 2 ಸೆಂಟಿಮೀಟರ್ ತಪ್ಪಿದ್ದರೆ ನದಿಯಲ್ಲಿ ಅದು ಅರ್ಧ ಮೀಟರಾಗುತ್ತದೆ. ಮೀಟರು ಕೋಲಿನ 600ರಲ್ಲಿ ಎರಡು ಪಿಕ್ಸೆಲ್ ತಪ್ಪಿದ್ದರೆ ಇನ್ನೊಂದು 40 ಸೆಂಟಿಮೀಟರ್. ಹೊಳೆಯ ಚಿತ್ರವನ್ನು ಎಷ್ಟು ಹಿಗ್ಗಿಸಿ ನೋಡಿದರೂ ಈ ತಪ್ಪು ಕಾಣುವುದಿಲ್ಲ, ಅದು ಹಿಂದಿನ ದಿನವೇ ಒಳಗೆ ಕೂತಿರುತ್ತದೆ. ಆದ್ದರಿಂದ ಒಂದು ಮೀಟರ್ ಹೆಚ್ಚುಕಮ್ಮಿ ಎಂದು ಒಪ್ಪಿಕೊಂಡೆವು.

ಚಿತ್ರವಿಲ್ಲದೆ ಒಮ್ಮೆ ತಾಳೆ ನೋಡಿದ್ದೂ ಸಮರೂಪ ತ್ರಿಭುಜಗಳಿಂದಲೇ. ಫೋನಿಟ್ಟ ಜಾಗದಲ್ಲಿ ಗೂಟ ಹೊಡೆದು, ಅದಕ್ಕೆ ನೇರ ಎದುರು ಆಚೆ ದಡದಲ್ಲಿ ಒಂದು ಕೋಲು ನಿಲ್ಲಿಸಿದೆವು. ಗೂಟದಿಂದ ದಡದುದ್ದಕ್ಕೆ 40 ಮೀಟರ್ ನಡೆದು ಎರಡನೇ ಗೂಟ, ಮತ್ತೆ 10 ಮೀಟರಿಗೆ ಮೂರನೆಯದು. ಮೂರನೆಯದರಿಂದ ಹೊಳೆಗೆ ಬೆನ್ನುಹಾಕಿ ಲಂಬವಾಗಿ ಹಿಂದೆ ನಡೆಯುತ್ತ, ಎರಡನೇ ಗೂಟವೂ ಆಚೆ ಕೋಲೂ ಒಂದೇ ಗೆರೆಗೆ ಬಂದಲ್ಲಿ ನಿಂತೆವು. 30.6 ಮೀಟರ್ ನಡೆದಿದ್ದೆವು. ಪ್ರಮಾಣ ಒಂದಕ್ಕೆ ನಾಲ್ಕು, ದೂರ 122.4. ಇಲ್ಲಿ ನಿಲ್ಲುವ ಜಾಗದಲ್ಲಿ ಒಂದು ಗೇಣು ತಪ್ಪಿದರೆ ನಾಲ್ಕು ಗೇಣು ತಪ್ಪಿದಂತೆ, ಹಾಗಾಗಿ ಎರಡು ಉತ್ತರಗಳು ಜಗಳವಾಡುತ್ತಿಲ್ಲ ಎಂದಷ್ಟೇ ಹೇಳಬಹುದು.

ಇಷ್ಟಾದರೂ 121.5 ನದಿಯ ಅಗಲವಲ್ಲ. ಅದು ಫೋನಿನಿಂದ ಕೋಲುಗಳ ಸಾಲಿಗೆ ಇರುವ ದೂರ. ಫೋನು ನೀರಿನ ಅಂಚಿನಿಂದ 4 ಮೀಟರ್ ಹಿಂದಿನ ಬಂಡೆಯ ಮೇಲಿತ್ತು, ಕೋಲುಗಳು ಆಚೆ ಅಂಚಿನಿಂದ ಎರಡೂವರೆ ಮೀಟರ್ ಮೇಲೆ. ಕಳೆದರೆ ಉಳಿಯುವುದು 115. ಆಚೆ ದಡದವರು ಟೇಪು ಹಿಡಿದು ಆ ಎರಡೂವರೆ ಮೀಟರನ್ನು ಅಳೆಯದೆ ಬಂದಿದ್ದರೆ ಯಾವ ತ್ರಿಭುಜವೂ ಅದನ್ನು ಹೇಳುತ್ತಿರಲಿಲ್ಲ. ನಾವು ಅಳೆದದ್ದು ಫೆಬ್ರುವರಿಯಲ್ಲಿ. ವರದಿಯಲ್ಲಿ ಅಗಲದ ಪಕ್ಕದಲ್ಲಿ ತಿಂಗಳನ್ನೂ ಬರೆಯಲು ಹೇಳಿದಾಗ ಮಕ್ಕಳು ಯಾಕೆಂದು ಕೇಳಲಿಲ್ಲ. ಆಷಾಢದಲ್ಲಿ ಆ ಬಂಡೆ ನೀರಿನಡಿಯಲ್ಲಿರುತ್ತದೆಂದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.